ಶನಿವಾರ ಸಂಜೆ ಆರರ ಮೇಲೆ ಮಾಲು ಕದಲಬಾರದು

ಮಾರ್ಚ್ 31 ಹತ್ತಿರವಾದಂತೆ ನೆಲಮಂಗಲ ಕಡೆಯ ಗೋದಾಮುಗಳ ಗೋಡೆಗೆ ಸೂಪರ್‌ವೈಸರ್ ಸಹಿಯ ನೋಟಿಸ್ ಬೀಳುತ್ತದೆ. ಮಾತು ಸಾಮಾನ್ಯವಾಗಿ ಹೀಗಿರುತ್ತದೆ: ‘ಭಾನುವಾರ ಸ್ಟಾಕ್ ಎಣಿಕೆ. ಶನಿವಾರ ಸಂಜೆ 6ರ ನಂತರ ಮಾಲು ಒಳಗೆ ಬರುವುದೂ ಇಲ್ಲ, ಹೊರಗೆ ಹೋಗುವುದೂ ಇಲ್ಲ. ಅಷ್ಟರೊಳಗೆ ಎಲ್ಲ ಬಿಲ್, ಚಲನ್ ಕಂಪ್ಯೂಟರಿಗೆ ಏರಿಸಿರಬೇಕು.’

ಲಾರಿ ಚಾಲಕರಿಗೆ ಈ ಸಾಲು ಕಂಡರೆ ಸಿಟ್ಟು. ಒಂದು ಗಾಡಿ ಬಿಟ್ಟರೆ ಏನು ಮುಳುಗುತ್ತದೆ ಎಂದು ಕೇಳುತ್ತಾರೆ. ಏನು ಮುಳುಗುತ್ತದೆ ಎಂಬುದಕ್ಕೆ ಒಂದು ಲೆಕ್ಕ ನೋಡೋಣ.

ಪುಸ್ತಕದಲ್ಲಿ ಸೋಪಿನ 240 ಪೆಟ್ಟಿಗೆ ಇವೆ ಎನ್ನಿ. ಶನಿವಾರ ಸಂಜೆ 24 ಪೆಟ್ಟಿಗೆ ರ್‍ಯಾಕಿನಿಂದ ಇಳಿದು ಲೋಡಿಂಗ್ ಜಾಗಕ್ಕೆ ಬಂದವು, ಬಿಲ್ ಮಾತ್ರ ಸೋಮವಾರಕ್ಕೆ ಉಳಿಯಿತು. ಭಾನುವಾರ ರ್‍ಯಾಕಿನಲ್ಲಿ ಎಣಿಸಿದವರಿಗೆ ಸಿಕ್ಕಿದ್ದು 216. ‘24 ಕಡಿಮೆ’ ಎಂದು ಪುಸ್ತಕವನ್ನೂ 216ಕ್ಕೆ ಇಳಿಸಿದರು. ಸೋಮವಾರ ಆ ಬಿಲ್ ಏರಿತು, ಮತ್ತೆ 24 ಕಳೆಯಿತು. ಈಗ ಪುಸ್ತಕ ಹೇಳುವುದು 192, ರ್‍ಯಾಕಿನಲ್ಲಿರುವುದು 216. ಯಾರೂ ಕದ್ದಿಲ್ಲ, ಯಾರೂ ತಪ್ಪು ಎಣಿಸಿಲ್ಲ. ಒಂದೇ ಮಾಲು ಎರಡು ಸಲ ಕಳೆದುಹೋಯಿತು ಅಷ್ಟೆ.

ಅದಕ್ಕೇ ಎಣಿಕೆ ಶುರುವಾಗುವ ಮುಂಚೆ ಕೊನೆಯ ಒಳಬಂದ ಚಲನ್ ನಂಬರ್, ಕೊನೆಯ ಹೊರಹೋದ ಬಿಲ್ ನಂಬರ್ ಎರಡನ್ನೂ ಬರೆದಿಡುತ್ತಾರೆ. ಬಿಲ್ ಆಗಿಯೂ ಹೋಗದ ಮಾಲನ್ನು ಬೇರೆ ಜಾಗದಲ್ಲಿಟ್ಟು ‘ಎಣಿಸಬೇಡಿ’ ಎಂಬ ಚೀಟಿ ಹಚ್ಚುತ್ತಾರೆ. ಬಿಲ್ ಆಗದೆ ಕೆಳಗೆ ಇಳಿದ ಮಾಲಾದರೆ ಅದನ್ನು ಎಣಿಸಲೇಬೇಕು. ಈ ವ್ಯತ್ಯಾಸ ಗೊತ್ತಿಲ್ಲದ ಹೊಸ ಹುಡುಗರನ್ನು ಲೋಡಿಂಗ್ ಜಾಗಕ್ಕೆ ಬಿಡದಿರುವುದೇ ಒಳ್ಳೆಯದು.

ನೋಟಿಸಿನ ಇನ್ನೊಂದು ನಿಯಮವೂ ಕೆಲವರಿಗೆ ಅವಮಾನದಂತೆ ಕಾಣುತ್ತದೆ: ಎಣಿಸುವವರ ಕೈಗೆ ಕೊಡುವ ಹಾಳೆಯಲ್ಲಿ ಪುಸ್ತಕದ ಸಂಖ್ಯೆ ಇರುವುದಿಲ್ಲ. ನಂಬಿಕೆ ಇಲ್ಲವೆಂದಲ್ಲ. 240 ಎಂದು ಮೊದಲೇ ಕಂಡರೆ 238 ಸಿಕ್ಕಾಗ ಇನ್ನೆರಡು ಹಿಂದೆ ಇರಬಹುದೆಂದು ಕೈ ತಾನಾಗಿ 240 ಬರೆಯುತ್ತದೆ. ಇಬ್ಬರ ಜೋಡಿಯಲ್ಲಿ ಒಬ್ಬರು ಕೂಗುತ್ತಾರೆ, ಒಬ್ಬರು ಪೆನ್ನಿನಲ್ಲಿ ಬರೆಯುತ್ತಾರೆ. ತಪ್ಪಾದರೆ ಅಳಿಸುವಂತಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಸಹಿ.

ಎಡವುವ ಇನ್ನೊಂದು ಜಾಗ ಪ್ಯಾಲೆಟ್. ಹೊರಗಿನಿಂದ ನೋಡಿದರೆ ತುಂಬಿದಂತಿರುತ್ತದೆ, ನಡುವಿನ ಪೆಟ್ಟಿಗೆ ಯಾವತ್ತೋ ಯಾರೋ ತೆಗೆದಿರುತ್ತಾರೆ. ಅಂಚಿನ ಸಾಲು ಗುಣಿಸಿ ಬರೆದರೆ ಒಳಗಿನ ಖಾಲಿಯೂ ಲೆಕ್ಕಕ್ಕೆ ಬರುತ್ತದೆ. ಟೇಪು ಒಡೆದ ಪೆಟ್ಟಿಗೆಯನ್ನು ತೆರೆದು ಬಿಡಿಯಾಗಿಯೇ ಎಣಿಸಬೇಕು. ಪೆಟ್ಟಿಗೆಯ ಲೆಕ್ಕ, ಬಿಡಿಯ ಲೆಕ್ಕ ಒಂದೇ ಅಂಕಣಕ್ಕೆ ಬೀಳಬಾರದು.

ಎಣಿಸಿದ ರ್‍ಯಾಕಿಗೆ ಸ್ಟಿಕ್ಕರ್ ಹಚ್ಚಿ ಮುಂದೆ ಹೋಗುತ್ತಾರೆ. ಪುಸ್ತಕಕ್ಕೂ ಹಾಳೆಗೂ ತಾಳೆಯಾಗದ ಕಡೆ ಬೇರೆ ಜೋಡಿ ಮತ್ತೆ ಎಣಿಸುತ್ತದೆ. ಎರಡನೇ ಎಣಿಕೆಯೂ ಅದನ್ನೇ ಹೇಳಿದರೆ ಸೂಪರ್‌ವೈಸರ್ ಮೊದಲು ತೆರೆಯುವುದು ಶನಿವಾರದ ಚಲನ್ ಕಡತವನ್ನು.