ಟೆಸ್ಟ್ ರೈಡ್‌ಗೆ ಕರೆಯುವ ವಿಡಿಯೊದಲ್ಲಿ ಏನು ಹೇಳಬೇಕು?

'ಒಮ್ಮೆ ಚಾರ್ಜ್ ಮಾಡಿದರೆ 120 ಕಿಲೋಮೀಟರ್' ಎಂದು ಶುರುವಾಗುವ ಎಲೆಕ್ಟ್ರಿಕ್ ಸ್ಕೂಟರ್ ವಿಡಿಯೊಗಳೇ ಹೆಚ್ಚು. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು ಪ್ರಯೋಗಾಲಯದ ರೋಲರ್ ಮೇಲೆ, ನಿಗದಿತ ಕ್ರಮದಲ್ಲಿ ಓಡಿಸಿ ಪಡೆದದ್ದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟ ಹತ್ತುವವರಿಗೆ ಅಷ್ಟು ದೂರ ಸಿಗುವುದಿಲ್ಲ. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಏರಿ ಬ್ಯಾಟರಿ ಬೇಗ ಇಳಿಯುತ್ತದೆ.

ಹಾಗಾಗಿ ಮೈಸೂರಿನ ಒಬ್ಬ ಡೀಲರ್ ವಿಡಿಯೊ ಮಾಡಿಸುವುದಾದರೆ, ಮೊದಲ ಮಾತನ್ನು ನಾನು ಹೀಗೆ ಬರೆದುಕೊಡುತ್ತೇನೆ: "ನಮ್ಮ ಮಾತು ನಂಬಬೇಡಿ. ಮನೆಯವರನ್ನೂ ಕರೆದುಕೊಂಡು ಬನ್ನಿ, ನೀವು ದಿನಾ ಓಡಾಡುವ ದಾರಿಯಲ್ಲೇ ಹತ್ತು ಕಿಲೋಮೀಟರ್ ಓಡಿಸಿ ನೋಡಿ."

ಹತ್ತು ಕಿಲೋಮೀಟರ್ ಏಕೆಂದರೆ, ಶೋರೂಮಿನ ಸುತ್ತ ಒಂದು ಸುತ್ತು ಹಾಕಿದರೆ ಬ್ಯಾಟರಿ ಒಂದೆರಡು ಶೇಕಡಾ ಮಾತ್ರ ಇಳಿಯುತ್ತದೆ. ಅದರಿಂದ ಲೆಕ್ಕ ಹಾಕಲಾಗದು. ಹೊರಡುವಾಗ ಶೇ 80 ಇದ್ದದ್ದು ಮರಳಿದಾಗ 68 ಆಗಿದೆ ಎನ್ನಿ. ಹತ್ತು ಕಿಲೋಮೀಟರಿಗೆ 12 ಖರ್ಚಾಯಿತು. ಪೂರ್ತಿ ಚಾರ್ಜ್‌ಗೆ ಸುಮಾರು 83 ಕಿಲೋಮೀಟರ್. ಕೊನೆಯ ಶೇ 15 ಅನ್ನು ಆಪತ್ತಿಗೆಂದು ಬಿಟ್ಟರೆ, ನೆಚ್ಚಿಕೊಳ್ಳಬಹುದಾದದ್ದು 70. 'ಇನ್ನು ಇಷ್ಟು ದೂರ ಹೋಗಬಹುದು' ಎಂದು ಡಿಸ್‌ಪ್ಲೇ ತೋರಿಸುವುದು ಅಂದಾಜು ಮಾತ್ರ. ಕ್ಯಾಮೆರಾ ಶೇಕಡಾವನ್ನೂ ಓಡಿದ ಕಿಲೋಮೀಟರನ್ನೂ ಹತ್ತಿರದಿಂದ ತೋರಿಸಲಿ.

ಚಾರ್ಜಿಂಗ್ ವಿಷಯದಲ್ಲಿ ಒಂದೇ ಪ್ರಶ್ನೆ ಸಾಕು: "ರಾತ್ರಿ ಗಾಡಿ ನಿಲ್ಲಿಸುವ ಜಾಗದಲ್ಲಿ ಸಾಕೆಟ್ ಇದೆಯೇ?" ಮೂರು ಯೂನಿಟ್‌ನ ಬ್ಯಾಟರಿ ಮನೆಯ ಚಾರ್ಜರ್‌ನಲ್ಲಿ ತುಂಬಲು ನಾಲ್ಕೈದು ಗಂಟೆ ಬೇಕು. ಬಾಡಿಗೆ ಮನೆ, ಬೀದಿಯಲ್ಲಿ ಪಾರ್ಕಿಂಗ್ ಎಂದಾದರೆ ಮೊದಲು ಮಾಲೀಕರ ಒಪ್ಪಿಗೆ ಕೇಳಲಿ, ಗಾಡಿ ಆಮೇಲೆ. ಸಾಕೆಟ್‌ಗೆ ಅರ್ಥಿಂಗ್ ಇರಬೇಕು. ಚಾರ್ಜ್ ಆಗುವಾಗ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾದರೆ ವೈರಿಂಗ್ ಅಥವಾ ಸಾಕೆಟ್ ಸರಿಯಿಲ್ಲ ಎಂದೇ ಅರ್ಥ. ಎಲೆಕ್ಟ್ರಿಶಿಯನ್ ನೋಡುವವರೆಗೆ ಅಲ್ಲಿ ಚಾರ್ಜ್ ಹಾಕಬಾರದು. ವಿಡಿಯೊ ಇದನ್ನು ಬಾಯಿಬಿಟ್ಟು ಹೇಳಬೇಕು.

ಇನ್ನು ದುಡ್ಡು. ಚಾರ್ಜರ್‌ನಲ್ಲಿ ಶಾಖವಾಗಿ ಹೋಗುವುದೂ ಸೇರಿ ಮೂರು ಯೂನಿಟ್ ತುಂಬಲು ಮೀಟರ್ ಸುಮಾರು 3.4 ಯೂನಿಟ್ ಓಡುತ್ತದೆ. ಯೂನಿಟ್‌ಗೆ 7 ರೂಪಾಯಿ ಹಿಡಿದರೆ 24 ರೂಪಾಯಿ, ಅಂದರೆ ಕಿಲೋಮೀಟರಿಗೆ 30 ಪೈಸೆಯ ಆಸುಪಾಸು. ಲೀಟರಿಗೆ 45 ಕೊಡುವ ಪೆಟ್ರೋಲ್ ಸ್ಕೂಟರಿಗೆ, ಪೆಟ್ರೋಲ್ 103 ರೂಪಾಯಿ ಇದ್ದರೆ, 2 ರೂಪಾಯಿ 30 ಪೈಸೆ. ಉಳಿತಾಯ ಎರಡು ರೂಪಾಯಿ.

ಇಲ್ಲಿಗೇ ನಿಲ್ಲಿಸುವ ವಿಡಿಯೊ ಅರ್ಧ ಸತ್ಯ ಹೇಳಿದಂತೆ. ಕೊಳ್ಳುವಾಗ 30,000 ರೂಪಾಯಿ ಹೆಚ್ಚು ಕೊಟ್ಟಿದ್ದೀರಿ ಎನ್ನಿ. ತಿಂಗಳಿಗೆ 750 ಕಿಲೋಮೀಟರ್ ಓಡಿಸುವವರಿಗೆ ಅದು 20 ತಿಂಗಳಲ್ಲಿ ವಾಪಸ್ ಬರುತ್ತದೆ. 200 ಕಿಲೋಮೀಟರ್ ಮಾತ್ರ ಓಡಿಸುವವರಿಗೆ ಆರು ವರ್ಷ ದಾಟುತ್ತದೆ. ಅಷ್ಟರಲ್ಲಿ ವಾರಂಟಿ ಮುಗಿದಿರಬಹುದು. ಬ್ಯಾಟರಿ ಬದಲಿಸಬೇಕಾಗಿ ಬಂದರೆ ಉಳಿಸಿದ್ದೆಲ್ಲ ಅದಕ್ಕೇ ಹೋಗುತ್ತದೆ. ಆದ್ದರಿಂದ ಸ್ಕ್ರಿಪ್ಟಿನ ಕೊನೆಯ ಮಾತು: "ಟೆಸ್ಟ್ ರೈಡ್‌ಗೆ ಬರುವಾಗ ನಿಮ್ಮ ಕರೆಂಟ್ ಬಿಲ್ ತನ್ನಿ, ತಿಂಗಳಿಗೆ ಎಷ್ಟು ಓಡಿಸುತ್ತೀರಿ ಹೇಳಿ. ಹೊಸ ಬ್ಯಾಟರಿಯ ಇವತ್ತಿನ ಬೆಲೆಯನ್ನೂ ಬರೆದುಕೊಡುತ್ತೇವೆ. ನಿಮಗೆ ಗಿಟ್ಟದಿದ್ದರೆ ಅದನ್ನೂ ಹೇಳುತ್ತೇವೆ."