ಫೈರ್‌ಮನ್‌ಗೆ ಹೊಸ ಹೆಸರು ಹುಡುಕಿದ ಕತೆ

1964ರ ಫೆಬ್ರವರಿ 8, ಶನಿವಾರ. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ನಾಗರಿಕ ಹಕ್ಕುಗಳ ಮಸೂದೆಯ ಮೇಲೆ ದಿನಗಟ್ಟಲೆ ಚರ್ಚೆ ನಡೆದಿತ್ತು. ಜನಾಂಗ, ಬಣ್ಣ, ಧರ್ಮ, ಮೂಲ ದೇಶ ನೋಡಿ ಯಾರಿಗೂ ಕೆಲಸ ನಿರಾಕರಿಸಬಾರದು ಎಂದಿತ್ತು ಅದರ ಏಳನೇ ಭಾಗ. ಆಗ ವರ್ಜೀನಿಯಾದ ಹೋವರ್ಡ್ ಸ್ಮಿತ್ ಎದ್ದು ನಿಂತು, ಈ ಸಾಲಿಗೆ ಇನ್ನೊಂದೇ ಒಂದು ಪದ ಸೇರಿಸಬೇಕು ಎಂದರು. ಆ ಪದ ‘ಲಿಂಗ’. ಸ್ಮಿತ್ ಇಡೀ ಮಸೂದೆಗೇ ವಿರೋಧಿಯಾಗಿದ್ದವರು. ಸಭೆಯಲ್ಲಿ ನಗೆ ಎದ್ದಿತು. ಆದರೆ ಅಲ್ಲಿದ್ದ ಬೆರಳೆಣಿಕೆಯ ಮಹಿಳಾ ಸದಸ್ಯರಲ್ಲಿ ಹೆಚ್ಚಿನವರು ನಗಲಿಲ್ಲ, ಆ ಪದವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮತ ಎಣಿಸಿದಾಗ ಪರವಾಗಿ 168, ವಿರುದ್ಧ 133. ಪದ ಉಳಿಯಿತು, ಮಸೂದೆಯೂ ಕಾನೂನಾಯಿತು.

ಮರುವರ್ಷ ಬೇಸಿಗೆಯಲ್ಲಿ ಕಾನೂನಿನ ಏಳನೇ ಭಾಗ ಜಾರಿಗೆ ಬಂತು. ಆಗಸ್ಟ್ 21ರಂದು ‘ನ್ಯೂಯಾರ್ಕ್ ಟೈಮ್ಸ್’ ಸಂಪಾದಕೀಯದಲ್ಲೇ ಅದನ್ನು ಗೇಲಿ ಮಾಡಿತು. ಇನ್ನು ಮೇಲೆ ಹ್ಯಾಂಡಿಮನ್, ಮಿಲ್ಕ್‌ಮನ್, ಫೋರ್‌ಮನ್ ಎಂಬ ಪದಗಳೇ ಭಾಷೆಯಿಂದ ಮಾಯವಾಗಬೇಕಾದೀತು ಎಂಬುದು ಅದರ ಚೇಷ್ಟೆ. ಕಲ್ಪಿಸಿಕೊಳ್ಳಲೂ ಆಗದ ಮಾತು ಎಂದುಕೊಂಡೇ ಬರೆದದ್ದು. ಆದರೆ ಹತ್ತು ವರ್ಷ ತುಂಬುವ ಹೊತ್ತಿಗೆ ವಾಷಿಂಗ್ಟನ್ನಿನ ಎರಡು ಕಚೇರಿಗಳು, ನಗುವವರ ಕಡೆ ತಿರುಗಿಯೂ ನೋಡದೆ, ಅದೇ ಕೆಲಸಕ್ಕೆ ಕೂತಿದ್ದವು.

ಮೊದಲನೆಯದು ಜನಗಣತಿ ಕಚೇರಿ. ಗಣತಿಯ ನಮೂನೆಯಲ್ಲಿ ಜನ ತಮ್ಮ ಉದ್ಯೋಗವನ್ನು ತಮ್ಮದೇ ಮಾತಿನಲ್ಲಿ ಬರೆಯುತ್ತಿದ್ದರು. ಗುಮಾಸ್ತರು ಅದನ್ನು ಓದಿ, ಅಕಾರಾದಿ ಸೂಚಿಯಲ್ಲಿ ಹುಡುಕಿ, ಅದಕ್ಕೆ ಒಪ್ಪುವ ಮೂರಂಕಿಯ ಸಂಖ್ಯೆಯನ್ನು ಹಾಕುತ್ತಿದ್ದರು. 1970ರ ಪಟ್ಟಿಯಲ್ಲಿ ಅಂಥ 441 ಉದ್ಯೋಗ ಶೀರ್ಷಿಕೆಗಳಿದ್ದವು. ಎರಡನೆಯದು ಕಾರ್ಮಿಕ ಇಲಾಖೆ. ಅದರ ಬಳಿ ಇದ್ದದ್ದು ಇನ್ನೂ ದೊಡ್ಡ ಗ್ರಂಥ, 1965ರಲ್ಲಿ ಮೂರನೇ ಆವೃತ್ತಿ ಕಂಡ ‘ಉದ್ಯೋಗ ಶೀರ್ಷಿಕೆಗಳ ನಿಘಂಟು’. ಕೆಲಸ ಕೇಳಿಕೊಂಡು ಬಂದವರನ್ನು ಯಾವ ಕೆಲಸಕ್ಕೆ ಕಳುಹಿಸಬೇಕು ಎಂದು ಸರ್ಕಾರಿ ಉದ್ಯೋಗ ಕಚೇರಿಯವರು ನೋಡುತ್ತಿದ್ದದ್ದು ಅದನ್ನೇ. ‘ರಿಪೇರ್‌ಮನ್’ ಎಂದು ಅಚ್ಚಾದ ಪುಟ ಎದುರಿಗಿರುವಾಗ ಮೇಜಿನ ಆಚೆ ಕೂತ ಹೆಣ್ಣುಮಗಳನ್ನು ಆ ಕೆಲಸಕ್ಕೆ ಕಳುಹಿಸಲು ಗುಮಾಸ್ತನ ಕೈ ಹಿಂಜರಿದರೆ ಅಚ್ಚರಿಯೇನಿಲ್ಲ.

ಕನ್ನಡದ ನಮೂನೆಯಾಗಿದ್ದರೆ ಅರ್ಧ ಕಷ್ಟ ಅಲ್ಲೇ ತೀರುತ್ತಿತ್ತು. ಶಿಕ್ಷಕ, ಶಿಕ್ಷಕಿ ಎಂಬ ಜಗಳವನ್ನು ‘ಶಿಕ್ಷಕರು’ ಎಂಬ ಬಹುವಚನ ಸದ್ದಿಲ್ಲದೆ ಬಗೆಹರಿಸುತ್ತದೆ. ಅಧ್ಯಕ್ಷರು, ಲೇಖಕರು, ನೌಕರರು ಎಲ್ಲಕ್ಕೂ ಅದೇ ‘ರು’. ಅದಕ್ಕೂ ಬಗ್ಗದ್ದು ‘ಸೂಲಗಿತ್ತಿ’ಯಂಥ ಕೆಲವು ಮಾತ್ರ. ಇಂಗ್ಲಿಷಿಗೆ ಆ ಅನುಕೂಲವಿರಲಿಲ್ಲ. ಫೈರ್‌ಮನ್ ಬಹುವಚನವಾದರೂ ‘ಮೆನ್’ ಆಗಿಯೇ ಉಳಿಯುತ್ತಿತ್ತು.

ಎದುರಿಗೆ ಮೊದಲು ಕಾಣುತ್ತಿದ್ದದ್ದು ಎರಡು ಸುಲಭದ ದಾರಿ. ಒಂದು, ಓರೆಗೆರೆ ಹಾಕಿ ಎರಡೂ ರೂಪ ಕೊಡುವುದು: ಸೇಲ್ಸ್‌ಮನ್, ಪಕ್ಕದಲ್ಲಿ ಸೇಲ್ಸ್‌ವುಮನ್. ನಾಲ್ಕಾರು ಶೀರ್ಷಿಕೆಗಾದರೆ ಸರಿ, ಸಾವಿರಾರಕ್ಕೆ ಹಾಗೆ ಮಾಡಿದರೆ ಪುಟಗಳು ಊದಿಕೊಳ್ಳುತ್ತವೆ. ಹೆಸರು ಉದ್ದವಾದರೂ ಹಳೆಯ ಗೋಡೆ ನಡುವೆ ಹಾಗೆಯೇ ನಿಂತಿರುತ್ತದೆ. ಇನ್ನೊಂದು, ‘ಮ್ಯಾನ್’ ಕಿತ್ತು ‘ಪರ್ಸನ್’ ಅಂಟಿಸುವುದು. ಸೇಲ್ಸ್‌ಪರ್ಸನ್ ನಾಲಿಗೆಗೆ ಒಗ್ಗುತ್ತಿತ್ತು. ಫೋರ್‌ಪರ್ಸನ್, ಫೈರ್‌ಪರ್ಸನ್ ಒಗ್ಗಲಿಲ್ಲ. ಕಾರ್ಖಾನೆಯಲ್ಲಿ ಯಾರೂ ಆಡದ ಪದವನ್ನು ಪಟ್ಟಿಯಲ್ಲಿ ಅಚ್ಚು ಹಾಕಿದರೆ ಅದು ಯಾವ ಕೆಲಸವೆಂದು ಹುಡುಕುವ ಗುಮಾಸ್ತನಿಗೇ ಗುರುತು ಸಿಗುವುದಿಲ್ಲ.

ನಿಜವಾದ ತೊಡಕು ಲಿಂಗದ್ದಲ್ಲ, ಎಣಿಕೆಯದು. ಹೆಸರು ಬದಲಾಗಬಹುದು, ಅದರ ಕೆಳಗೆ ಬರುವ ಜನ ಬದಲಾಗಬಾರದು. ಹೊಸ ಹೆಸರು ಹಳೆಯದಕ್ಕಿಂತ ಒಂದು ಗೇಣು ಅಗಲವಾದರೆ ಪಕ್ಕದ ಕೆಲಸದವರೂ ಒಳಗೆ ಬರುತ್ತಾರೆ. 1970ರ ಅಂಕಿಗಳನ್ನು ಮುಂದಿನ ಅಂಕಿಗಳ ಜೊತೆ ಹೋಲಿಸುವುದೇ ಆಗುವುದಿಲ್ಲ. ಫೋರ್‌ಮನ್ ಇದಕ್ಕೆ ಒಳ್ಳೆಯ ಉದಾಹರಣೆ. ‘ಸೂಪರ್‌ವೈಸರ್’ ಎಂಬ ಪದ ಸಿದ್ಧವಾಗಿಯೇ ಇತ್ತು. ಆದರೆ ಕಚೇರಿಯಲ್ಲಿ ಗುಮಾಸ್ತರ ಮೇಲಿನವರೂ ಸೂಪರ್‌ವೈಸರ್‌ಗಳೇ. ಗಣತಿಗೆ ಬೇಕಾಗಿದ್ದದ್ದು ಯಂತ್ರದ ಪಕ್ಕ ನಿಂತು ಕಾರ್ಮಿಕರಿಂದ ಕೆಲಸ ಮಾಡಿಸುವವರು ಮಾತ್ರ. ‘ಲೀಡ್ ವರ್ಕರ್’ ಎಂದರೆ ತಾನೂ ಕೈ ಹಾಕಿ ದುಡಿಯುವವನು ಎಂಬ ಅರ್ಥ ಬಂದು ಅಳತೆ ಕಿರಿದಾಗುತ್ತದೆ. ‘ಕ್ರೂ ಚೀಫ್’ ಎಂದರೆ ತಂಡವಿರುವ ಕೆಲವು ಕಸುಬುಗಳಿಗಷ್ಟೇ ಸಲ್ಲುತ್ತದೆ. ಕೊನೆಗೆ ಗಣತಿಯ ಪಟ್ಟಿಗೆ ಬಂದದ್ದು ‘ಬ್ಲೂ ಕಾಲರ್ ವರ್ಕರ್ ಸೂಪರ್‌ವೈಸರ್’. ಬಾಯಿತುಂಬ ಆಗುವ ಹೆಸರು ನಿಜ. ಆದರೆ ಅಗಲ ಸರಿಯಾಗಿತ್ತು.

ಎಲ್ಲಕ್ಕಿಂತ ಹೆಚ್ಚು ಕಾಡುವಂಥದ್ದು ಫೈರ್‌ಮನ್. ಕೇಳಲು ಒಂದೇ ಪದ, ಪಟ್ಟಿಯಲ್ಲಿ ಮೂರು ಬೇರೆ ಸಾಲು. ಒಬ್ಬ ಬೆಂಕಿ ಆರಿಸುವವನು. ಇನ್ನೊಬ್ಬ ಕಾರ್ಖಾನೆಯ ಬಾಯ್ಲರಿಗೆ ಬೆಂಕಿ ಊಡುವವನು. ಮತ್ತೊಬ್ಬ ರೈಲಿನ ಎಂಜಿನ್ನಿನಲ್ಲಿ ನಿಂತು ಕಲ್ಲಿದ್ದಲು ಎತ್ತಿ ಹಾಕುವವನು. ಉಗಿಬಂಡಿಯ ಕಾಲವನ್ನು ಕಂಡ ಹುಬ್ಬಳ್ಳಿಯ ಜನಕ್ಕೂ ಫೈರ್‌ಮನ್ ಎಂದರೆ ಮೊದಲು ನೆನಪಾಗುತ್ತಿದ್ದದ್ದು ಸಲಿಕೆ ಹಿಡಿದ ಈ ಮೂರನೆಯವನೇ. ಒಬ್ಬನದು ಬೆಂಕಿ ಕೊಲ್ಲುವ ಕೆಲಸ, ಉಳಿದಿಬ್ಬರದು ಬೆಂಕಿ ಸಾಕುವ ಕೆಲಸ. ‘ಮ್ಯಾನ್’ ಎಂಬ ಬಾಲ ಅಷ್ಟು ಕಾಲ ಈ ವ್ಯತ್ಯಾಸವನ್ನು ಮುಚ್ಚಿಟ್ಟಿತ್ತು. ಬಾಲ ಕತ್ತರಿಸಿದ ಕೂಡಲೇ ಮೂರಕ್ಕೂ ಒಂದೇ ಹೆಸರು ಸಾಲದು ಎಂಬುದು ಬಯಲಾಯಿತು.

ಇಷ್ಟರಲ್ಲಿ ಮಯಾಮಿಯ ಒಬ್ಬ ಗಂಡಸು, ತನಗೆ ಗೊತ್ತಿಲ್ಲದೆಯೇ, ದಾರಿ ತೋರಿಸಿದ್ದ. ಸೆಲಿಯೋ ಡಿಯಾಸ್ ಎಂಬಾತ 1967ರಲ್ಲಿ ಪ್ಯಾನ್ ಅಮೆರಿಕನ್ ವಿಮಾನ ಸಂಸ್ಥೆಗೆ ಕ್ಯಾಬಿನ್ ಕೆಲಸ ಕೇಳಿ ಅರ್ಜಿ ಹಾಕಿದ. ಆ ಕೆಲಸಕ್ಕೆ ಹೆಂಗಸರನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಎಂದು ಸಂಸ್ಥೆ ತಳ್ಳಿಹಾಕಿತು. ಡಿಯಾಸ್ ಬಿಡಲಿಲ್ಲ. ಪ್ರಯಾಣಿಕರ ಆತಂಕ ಕಳೆಯಲು ಹೆಂಗಸರೇ ಬೇಕು ಎಂದು ಸಂಸ್ಥೆಯ ಪರ ಮನೋವೈದ್ಯರ ಸಾಕ್ಷ್ಯವೂ ಆಯಿತು. ಕೆಳಗಿನ ನ್ಯಾಯಾಲಯದಲ್ಲಿ ಅವನು ಸೋತ. 1971ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ವಿಮಾನ ಸಂಸ್ಥೆಯ ಮೂಲ ಕೆಲಸ ಜನರನ್ನು ಸುರಕ್ಷಿತವಾಗಿ ಸಾಗಿಸುವುದು, ಆ ಕೆಲಸಕ್ಕೆ ಹೆಣ್ಣಾಗಿರುವುದು ಅಗತ್ಯವಲ್ಲ ಎಂದಿತು.

ಕೆಲಸ ಅವನಿಗೂ ತೆರೆಯಿತು. ಆದರೆ ‘ಸ್ಟುವರ್ಡೆಸ್’ ಎಂಬ ಶೀರ್ಷಿಕೆಯ ಕೆಳಗೆ ಅವನನ್ನು ಕೂರಿಸುವುದು ಹೇಗೆ? ‘ಸ್ಟುವರ್ಡ್’ ಎಂದರೆ ಗಂಡಸಿಗಾಯಿತು, ಹೆಂಗಸು ಹೊರಗುಳಿದಳು. ‘ಕ್ಯಾಬಿನ್ ಕ್ರೂ’ ಎಂದರೆ ಅದು ಗುಂಪಿನ ಹೆಸರು, ಒಬ್ಬರನ್ನು ಕರೆಯಲು ಬರುವುದಿಲ್ಲ. ಆ ಕೆಲಸದವರೇ ಇನ್ನೊಂದು ಹೆಸರು ಹಿಡಿದಿದ್ದರು: ‘ಫ್ಲೈಟ್ ಅಟೆಂಡೆಂಟ್’. 1973ರಲ್ಲಿ ಅವರ ಸಂಘವೇ ಆ ಹೆಸರು ತಳೆಯಿತು. ಗಣತಿಯ ಪಟ್ಟಿಗೂ ಅದೇ ಬಂತು.

ಇಲ್ಲಿ ಒಂದು ಸೊಗಸಾದ ಸಂಗತಿ ಇದೆ. ಬೆಂಕಿ ಆರಿಸುವವರ ಅಂತರರಾಷ್ಟ್ರೀಯ ಸಂಘ ಹುಟ್ಟಿದ್ದು 1918ರಲ್ಲಿ. ಅಂದೇ ಅದರ ಹೆಸರಿನಲ್ಲಿದ್ದದ್ದು ‘ಫೈರ್ ಫೈಟರ್ಸ್’. ಊರೆಲ್ಲ ‘ಮೇಲ್‌ಮನ್’ ಎನ್ನುತ್ತಿದ್ದ ಅಂಚೆಯವರು 1889ರಲ್ಲೇ ಕಟ್ಟಿಕೊಂಡದ್ದು ‘ಲೆಟರ್ ಕ್ಯಾರಿಯರ್ಸ್’ ಸಂಘ. ಮೀಸೆ ಹೊತ್ತ ಆ ಗಂಡಸರಿಗೆ ಲಿಂಗಸಮಾನತೆಯ ಯೋಚನೆ ಇತ್ತೆಂದಲ್ಲ. ತಮ್ಮ ಸಂಘಕ್ಕೆ ಹೆಸರಿಡುವಾಗ ಅವರು ತಾವು ಏನು ಮಾಡುತ್ತೇವೆ ಎಂದು ಹೇಳಿಕೊಂಡರು, ಅಷ್ಟೆ. ಅರವತ್ತು, ಎಂಬತ್ತು ವರ್ಷಗಳ ನಂತರ ಪಟ್ಟಿಗೆ ಬೇಕಾದ ಪದ ಅವರ ನಾಮಫಲಕದ ಮೇಲೆಯೇ ಇತ್ತು.

ಆ ಬಗೆಯ ಹೆಸರು ಹಿಡಿದು ಗಣತಿ ಕಚೇರಿ 441ರಲ್ಲಿ 52 ಶೀರ್ಷಿಕೆಗಳನ್ನು ಬದಲಿಸಿತು. ಕಾರ್ಮಿಕ ಇಲಾಖೆಯ ರಾಶಿ ಇನ್ನೂ ದೊಡ್ಡದು. 1975ರಲ್ಲಿ ಅದು ಹಳೆ ಹೆಸರು, ಹೊಸ ಹೆಸರುಗಳ ಒಂದು ಪುಸ್ತಕವನ್ನೇ ಹೊರತಂದಿತು. ಬದಲಾದವು ಸುಮಾರು 3,500. ಲಿಂಗದ ಜೊತೆಗೆ ‘ಬಾಯ್’, ‘ಗರ್ಲ್’ ಎಂದು ವಯಸ್ಸು ಹೇಳುವ ಬಾಲಗಳನ್ನೂ ಅಲ್ಲಿ ತೆಗೆದರು. ಡ್ರಾಫ್ಟ್ಸ್‌ಮನ್ ‘ಡ್ರಾಫ್ಟರ್’ ಆದ, ರಿಪೇರ್‌ಮನ್ ‘ರಿಪೇರರ್’ ಆದ.

ಎರಡು ಕಚೇರಿಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಕೆಲಸಕ್ಕೆ ಒಂದೇ ಉತ್ತರ ಇರಲಿಲ್ಲ ಎಂಬುದು ಕಾಣುತ್ತದೆ. ಹೋಟೆಲಿನಲ್ಲಿ ಎಂಜಲು ತಟ್ಟೆ ಎತ್ತಿ ಮೇಜು ಒರೆಸುವ ‘ಬಸ್‌ಬಾಯ್’ ಗಣತಿಯಲ್ಲಿ ‘ವೇಟರ್ಸ್ ಅಸಿಸ್ಟೆಂಟ್’ ಆದರೆ, ನಿಘಂಟಿನಲ್ಲಿ ‘ಡೈನಿಂಗ್ ರೂಮ್ ಅಟೆಂಡೆಂಟ್’ ಆದ. ಮೊದಲನೆಯದು ಅವನು ಯಾರ ಕೈಕೆಳಗೆ ಎಂದು ಹೇಳುತ್ತದೆ, ಎರಡನೆಯದು ಎಲ್ಲಿ ದುಡಿಯುತ್ತಾನೆ ಎಂದು. ನನಗೆ ಎರಡನೆಯದೇ ಮೇಲು. ಅದರಲ್ಲಿ ಅವನು ಯಾರ ಬಾಲವೂ ಅಲ್ಲ. ಕೋಣೆ ಗುಡಿಸಿ ಹಾಸಿಗೆ ಹಾಸುವ ‘ಚೇಂಬರ್‌ಮೇಡ್’ ಗಣತಿಯಲ್ಲಿ ‘ಲಾಡ್ಜಿಂಗ್ ಕ್ವಾರ್ಟರ್ಸ್ ಕ್ಲೀನರ್’, ನಿಘಂಟಿನಲ್ಲಿ ‘ಹೌಸ್‌ಕೀಪಿಂಗ್ ಕ್ಲೀನರ್’. ಮೊದಲನೆಯದು ಕಡತದ ಆಚೆ ಬದುಕಲಿಲ್ಲ. ಹೌಸ್‌ಕೀಪಿಂಗ್ ಇಂದು ಬೆಂಗಳೂರಿನ ಕಚೇರಿಗಳಲ್ಲೂ ದಿನಬಳಕೆಯ ಮಾತು.

ಗುಟ್ಟು ಇಷ್ಟೇ ಆಗಿತ್ತು. ಫೈರ್‌ಮನ್, ಮೇಲ್‌ಮನ್, ಡ್ರಾಫ್ಟ್ಸ್‌ಮನ್‌ಗಳಲ್ಲಿ ಕಸುಬನ್ನು ಸೂಚಿಸುತ್ತಿದ್ದದ್ದು ಪದದ ಮೊದಲರ್ಧ. ‘ಮ್ಯಾನ್’ ಮಾಡುತ್ತಿದ್ದದ್ದು ‘ಮಾಡುವವರು’ ಎಂದು ಹೇಳುವ ಕೆಲಸ ಮಾತ್ರ. ಆ ಜಾಗಕ್ಕೆ ಕ್ರಿಯೆ, ಸ್ಥಳ ಇಲ್ಲವೇ ಉಪಕರಣದಿಂದ ಹುಟ್ಟಿದ ಪದವನ್ನು ತಂದರೆ ಲಿಂಗ ತಾನಾಗಿ ಉದುರುತ್ತಿತ್ತು, ಅರ್ಥ ಇನ್ನಷ್ಟು ಖಚಿತವಾಗುತ್ತಿತ್ತು. ಹಾಗೆ ನಿಘಂಟಿನ 1977ರ ನಾಲ್ಕನೇ ಆವೃತ್ತಿಯಲ್ಲಿ ಬೆಂಕಿ ಆರಿಸುವವರು ‘ಫೈರ್ ಫೈಟರ್’ ಆದರು, ಬಾಯ್ಲರಿನ ಮುಂದೆ, ಎಂಜಿನ್ನಿನ ಒಳಗೆ ಬೆಂಕಿ ಊಡುವವರು ‘ಫೈರರ್’ ಆದರು. ಬಡಿಸುವವರ ಹೆಸರು ಮಾತ್ರ ಯಾವ ಉಪಾಯಕ್ಕೂ ಬಗ್ಗಲಿಲ್ಲ. ಅದೇ ಪುಸ್ತಕದಲ್ಲಿ ‘ವೇಟರ್’ ಇತ್ತು, ಅದರ ಮುಂದೆ ಒಂದು ಓರೆಗೆರೆ, ಗೆರೆಯ ಆಚೆ ‘ವೇಟ್ರೆಸ್’.