ಕನ್ನಡದ ‘ಅಂತ’ ಇಂಗ್ಲಿಷಿಗೆ ಸಾಲದು

ಪಕ್ಕದ ಮನೆಯ ಹುಡುಗ ಎಸ್‌ಎಸ್‌ಸಿ ಪರೀಕ್ಷೆಗೆ ಓದುತ್ತಿದ್ದಾನೆ. ಮೊನ್ನೆ ಸಂಜೆ ಅವನ ಅಭ್ಯಾಸದ ಹಾಳೆ ನೋಡಿದೆ. ‘ನಾಳೆ ಬರುತ್ತೇನೆ ಎಂದು ಅವನು ಹೇಳಿದ’ ಎಂಬರ್ಥದ ವಾಕ್ಯಕ್ಕೆ ಅವನು ಗುರುತು ಹಾಕಿದ್ದ ಉತ್ತರ ಇದು: ‘ಹಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ.’ ತಪ್ಪು ಅಂದೆ. “ಯಾಕೆ ಅಂಕಲ್, ಅವನು ಹೇಳಿದ್ದೇ ಅದಲ್ವಾ?” ಅಂದ.

ಅವನ ಪ್ರಶ್ನೆಯಲ್ಲಿ ನ್ಯಾಯವಿದೆ. ಕನ್ನಡದಲ್ಲಿ ಯಾರದೋ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಆ ಮಾತನ್ನು ಇದ್ದ ಹಾಗೇ ಎತ್ತಿಟ್ಟು, ಕೊನೆಗೊಂದು ‘ಅಂತ’ ಸೇರಿಸುತ್ತೇವೆ. ‘ನಾನು ನಾಳೆ ಬರ್ತೀನಿ ಅಂತ ಹೇಳಿದ.’ ಇಲ್ಲಿ ‘ನಾನು’ ಅಂದರೆ ಅವನೇ ಎಂದು ಕೇಳುವವರಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಇಂಗ್ಲಿಷಿನ ‘ದಟ್’ ಅಷ್ಟು ಉದಾರಿಯಲ್ಲ. ಅದರ ನಂತರ ‘ಐ’ ಬಂದರೆ ವರದಿ ಮಾಡುತ್ತಿರುವ ನಾನೇ ಬರುತ್ತೇನೆ ಎಂದಾಗುತ್ತದೆ. ಆದ್ದರಿಂದ ಸರಿಯಾದ ಉತ್ತರ: ‘ಹಿ ಸೆಡ್ ದಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ.’ ಆಳು ಬದಲಾಯಿತು, ಕಾಲ ಹಿಂದೆ ಸರಿಯಿತು, ‘ನಾಳೆ’ ಹೋಗಿ ‘ಮರುದಿನ’ ಬಂತು.

ಎಸ್‌ಎಸ್‌ಸಿಯ ಸಿಜಿಎಲ್ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ತಪ್ಪು ಉತ್ತರವೊಂದಕ್ಕೆ ಅರ್ಧ ಅಂಕ ಕಡಿತ. ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಆ್ಯಕ್ಟಿವ್–ಪ್ಯಾಸಿವ್ ಮತ್ತು ರಿಪೋರ್ಟೆಡ್ ಸ್ಪೀಚ್ ಮಕ್ಕಳಿಗೆ ಪರಿಚಿತವೇ. ಎರಡನ್ನೂ ಒಂದರ ಹಿಂದೊಂದು ಕಲಿಸುವುದರಿಂದ ನಿಯಮಗಳು ತಲೆಯಲ್ಲಿ ಕಲಸಿಹೋಗುತ್ತವೆ. ಬೇರ್ಪಡಿಸಲು ಒಂದು ಮಾತು ಸಾಕು: ವಾಯ್ಸ್‌ನಲ್ಲಿ ಕಾಲ ಕದಲುವುದಿಲ್ಲ, ಸ್ಪೀಚ್‌ನಲ್ಲಿ ಕಾಲ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

ಮೊದಲು ವಾಯ್ಸ್. ಕನ್ನಡ ವ್ಯಾಕರಣದಲ್ಲಿ ಇದನ್ನು ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ಓದಿದ್ದೇವೆ. ಆದರೆ ‘ರಾಮನಿಂದ ಹಣ್ಣು ತಿನ್ನಲ್ಪಟ್ಟಿತು’ ಎಂದು ಯಾರೂ ಮನೆಯಲ್ಲಿ ಮಾತಾಡುವುದಿಲ್ಲ. ನಮಗದು ಬೇಕಾಗುವುದೂ ಇಲ್ಲ. ‘ಹಣ್ಣನ್ನು ರಾಮ ತಿಂದ’ ಅಂದರೆ ಹಣ್ಣು ಮುಂದೆ ಬಂತು, ‘ಅನ್ನು’ ಪ್ರತ್ಯಯ ಇರುವುದರಿಂದ ಯಾರು ಯಾರನ್ನು ತಿಂದರು ಎಂಬ ಗೊಂದಲವಿಲ್ಲ. ಇಂಗ್ಲಿಷಿನ ನಾಮಪದಗಳಿಗೆ ಅಂಥ ಪ್ರತ್ಯಯವಿಲ್ಲ. ಅಲ್ಲಿ ಪದದ ಜಾಗವೇ ವಿಭಕ್ತಿ. ಹಣ್ಣನ್ನು ಮುಂದೆ ತಂದರೆ ಅದೇ ತಿನ್ನುವ ಕರ್ತೃವಾಗಿಬಿಡುತ್ತದೆ. ಅದನ್ನು ತಡೆಯಲು ಕ್ರಿಯಾಪದದ ರೂಪವನ್ನೇ ಬದಲಿಸಬೇಕು. ಮಾಡಿದವರ ಹೆಸರು ಹೇಳಲು ಮನಸ್ಸಿಲ್ಲದಾಗಲೂ ಪ್ಯಾಸಿವ್ ಕೆಲಸಕ್ಕೆ ಬರುತ್ತದೆ. ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬ ಕಚೇರಿ ಕನ್ನಡ ಮಾಡುವುದೂ ಇದನ್ನೇ: ತಿರಸ್ಕರಿಸಿದವರು ಯಾರೆಂದು ಗೊತ್ತಾಗುವುದಿಲ್ಲ.

ಪ್ಯಾಸಿವ್ ರಚನೆಗೆ ಎರಡು ತುಂಡು ಬೇಕು: ‘ಬಿ’ ಕ್ರಿಯಾಪದದ ಯಾವುದಾದರೂ ರೂಪ, ಅದರ ಹಿಂದೆ ಮುಖ್ಯ ಕ್ರಿಯಾಪದದ ಮೂರನೇ ರೂಪ. ಕಾಲವನ್ನು ಹೊರುವುದು ಮೊದಲ ತುಂಡು. ಒಂದು ಪ್ರಶ್ನೆ ನೋಡೋಣ: ‘ದ ಕ್ಲರ್ಕ್ ಈಸ್ ಚೆಕಿಂಗ್ ದಿ ಅಪ್ಲಿಕೇಶನ್ಸ್.’ ಆಯ್ಕೆಗಳೆಲ್ಲ ‘ದಿ ಅಪ್ಲಿಕೇಶನ್ಸ್’ ಎಂದು ಶುರುವಾಗುತ್ತವೆ. ಮುಂದಿನದು ಮಾತ್ರ ಬೇರೆ: ‘ಆರ್ ಚೆಕ್ಡ್’, ‘ವರ್ ಬೀಯಿಂಗ್ ಚೆಕ್ಡ್’, ‘ಈಸ್ ಬೀಯಿಂಗ್ ಚೆಕ್ಡ್’, ‘ಆರ್ ಬೀಯಿಂಗ್ ಚೆಕ್ಡ್’.

ಮೂಲದಲ್ಲಿ ಕೆಲಸ ನಡೆಯುತ್ತಲೇ ಇದೆ, ‘ಇಂಗ್’ ಇದೆ. ಪ್ಯಾಸಿವ್‌ನಲ್ಲಿ ಅದರ ಗುರುತು ‘ಬೀಯಿಂಗ್’. ಅದಿಲ್ಲದ ಮೊದಲನೆಯದು ಹೋಯಿತು. ಎರಡನೆಯದು ಕಾಲವನ್ನು ಹಿಂದಕ್ಕೆ ಎಳೆದಿದೆ. ಸ್ಪೀಚ್‌ನ ನಿಯಮವನ್ನು ಇಲ್ಲಿ ತಂದು ಹಾಕುವವರಿಗೆಂದೇ ಒಡ್ಡಿದ ಬಲೆ ಅದು. ಮೂರನೆಯದರಲ್ಲಿ ಮೂಲದ ‘ಈಸ್’ ಹಾಗೇ ಉಳಿದಿದೆ. ಗುಮಾಸ್ತ ಒಬ್ಬ, ಅರ್ಜಿಗಳು ಹಲವು. ಕರ್ತೃಸ್ಥಾನಕ್ಕೆ ಅರ್ಜಿಗಳು ಬಂದ ಮೇಲೆ ‘ಆರ್’ ಆಗಲೇಬೇಕು. ಉಳಿದದ್ದು ನಾಲ್ಕನೆಯದು.

ಎಲ್ಲ ವಾಕ್ಯವನ್ನೂ ಹೀಗೆ ಮಗುಚಲು ಆಗುವುದಿಲ್ಲ. ‘ದ ಬೇಬಿ ಸ್ಲೀಪ್ಸ್’ ಎಂಬುದಕ್ಕೆ ಪ್ಯಾಸಿವ್ ಇಲ್ಲ, ಏಕೆಂದರೆ ಮುಂದೆ ತರಲು ಕರ್ಮಪದವೇ ಇಲ್ಲ.

ಇನ್ನು ಸ್ಪೀಚ್. ಪ್ರಶ್ನೆ ಹೀಗಿದೆ ಎಂದುಕೊಳ್ಳಿ: ‘ಶಿ ಸೆಡ್ ಟು ಮಿ, “ಡಿಡ್ ಯು ಸೀ ಮೈ ಬ್ರದರ್ ಹಿಯರ್ ಎಸ್ಟರ್‌ಡೇ?”’ ಆಯ್ಕೆಗಳು ನಾಲ್ಕು:

ಎ) ಶಿ ಆಸ್ಕ್ಡ್ ಮಿ ದಟ್ ಐ ಹ್ಯಾಡ್ ಸೀನ್ ಹರ್ ಬ್ರದರ್ ದೇರ್ ದ ಪ್ರೀವಿಯಸ್ ಡೇ.
ಬಿ) ಶಿ ಆಸ್ಕ್ಡ್ ಮಿ ಇಫ್ ಹ್ಯಾಡ್ ಐ ಸೀನ್ ಹರ್ ಬ್ರದರ್ ದೇರ್ ದ ಪ್ರೀವಿಯಸ್ ಡೇ.
ಸಿ) ಶಿ ಆಸ್ಕ್ಡ್ ಮಿ ಇಫ್ ಐ ಹ್ಯಾಡ್ ಸೀನ್ ಹರ್ ಬ್ರದರ್ ದೇರ್ ದ ಪ್ರೀವಿಯಸ್ ಡೇ.
ಡಿ) ಶಿ ಆಸ್ಕ್ಡ್ ಮಿ ಇಫ್ ಐ ಸಾ ಮೈ ಬ್ರದರ್ ಹಿಯರ್ ಎಸ್ಟರ್‌ಡೇ.

ಮೊದಲು ಕೊಂಡಿ ನೋಡಿ. ಹೌದು–ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆಗೆ ‘ಇಫ್’ ಅಥವಾ ‘ವೆದರ್’ ಬರಬೇಕು. ‘ದಟ್’ ಬಂದಿರುವ ಎ ಹೋಯಿತು. ಎರಡನೆಯದಾಗಿ ಪದಗಳ ಸಾಲು. ಉದ್ಧರಣ ಚಿಹ್ನೆ ಹೋದ ಮೇಲೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಹೇಳಿಕೆಯ ಸಾಲಿಗೆ ಬರುತ್ತದೆ. ಕರ್ತೃ ಮುಂದೆ, ಕ್ರಿಯಾಪದ ಹಿಂದೆ ಇರಬೇಕು. ‘ಹ್ಯಾಡ್ ಐ’ ಎಂದು ತಿರುಗಿರುವ ಬಿ ಕೂಡ ಹೋಯಿತು.

ಮೂರನೆಯದು ಆಳು. ಕೋಚಿಂಗ್ ತರಗತಿಗಳಲ್ಲಿ ಇದಕ್ಕೆ ‘ಸನ್’ ಸೂತ್ರ ಹೇಳಿಕೊಡುತ್ತಾರೆ. ಉದ್ಧರಣದೊಳಗಿನ ಉತ್ತಮ ಪುರುಷ ಹೊರಗಿನ ಸಬ್ಜೆಕ್ಟ್‌ನಂತೆ, ಮಧ್ಯಮ ಪುರುಷ ಆಬ್ಜೆಕ್ಟ್‌ನಂತೆ ಬದಲಾಗುತ್ತವೆ. ಪ್ರಥಮ ಪುರುಷಕ್ಕೆ ನೋ ಚೇಂಜ್. ಇಲ್ಲಿ ‘ಮೈ’ ಹೇಳಿದವಳು ಅವಳು, ಹಾಗಾಗಿ ‘ಹರ್’. ‘ಯು’ ಎಂದದ್ದು ನನಗೆ, ಹಾಗಾಗಿ ‘ಐ’. ‘ಮೈ’ ಹಾಗೇ ಉಳಿದಿರುವ ಡಿಯಲ್ಲಿ ಅವಳ ತಮ್ಮ ನನ್ನ ತಮ್ಮನಾಗಿಬಿಟ್ಟಿದ್ದಾನೆ. ಕಾಲ, ಜಾಗ, ದಿನ ಯಾವುದೂ ಅಲ್ಲಿ ಸರಿದಿಲ್ಲ. ಭೂತಕಾಲದ ‘ಡಿಡ್ ಸೀ’ ಇನ್ನೂ ಹಿಂದೆ ಹೋಗಿ ‘ಹ್ಯಾಡ್ ಸೀನ್’ ಆಗಿರುವ ಸಿ ಸರಿ.

ಕಾಲ ಸರಿಯದ ಸಂದರ್ಭಗಳಲ್ಲಿ ಎರಡನ್ನು ನೆನಪಿಡಬೇಕು. ಹೊರಗಿನ ಕ್ರಿಯಾಪದ ‘ಸೇಸ್’ ಎಂದು ವರ್ತಮಾನದಲ್ಲಿದ್ದರೆ ಒಳಗಿನ ಕಾಲವನ್ನು ಮುಟ್ಟಬೇಕಾಗಿಲ್ಲ. ಒಳಗಿನ ಮಾತು ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬಂಥ ಸಾರ್ವಕಾಲಿಕ ಸತ್ಯವಾಗಿದ್ದರೂ ಅಷ್ಟೇ. ಮೇಷ್ಟರು ಹೇಳಿದ್ದು ನಿನ್ನೆಯಾದರೂ ಭೂಮಿ ಇವತ್ತೂ ಸುತ್ತುತ್ತಿದೆ.

ಬಳಕೆಯ ಇಂಗ್ಲಿಷಿನಲ್ಲಿ ಸಡಿಲಿಕೆ ಇನ್ನೂ ಹೆಚ್ಚು. ಒಬ್ಬಾಕೆ ‘ನಾನು ಮೈಸೂರಿನಲ್ಲಿದ್ದೇನೆ’ ಎಂದು ಹೇಳಿ, ಈಗಲೂ ಅಲ್ಲೇ ಇದ್ದರೆ ‘ಶಿ ಸೆಡ್ ಶಿ ಲಿವ್ಸ್ ಇನ್ ಮೈಸೂರು’ ಎನ್ನುವುದು ತಪ್ಪಲ್ಲ. ಬೆಳಿಗ್ಗೆ ಕೇಳಿದ ‘ಇವತ್ತು’ ಎಂಬ ಮಾತನ್ನು ಅದೇ ಸಂಜೆ ಇನ್ನೊಬ್ಬರಿಗೆ ಹೇಳುವಾಗ ‘ಟುಡೇ’ ಎಂದೇ ಇಟ್ಟುಕೊಳ್ಳಬಹುದು. ಆದರೆ ಪರೀಕ್ಷೆಯ ವಾಕ್ಯಕ್ಕೆ ಸಂಜೆಯೂ ಇಲ್ಲ, ಊರೂ ಇಲ್ಲ. ಯಾವಾಗ, ಎಲ್ಲಿ ವರದಿ ಮಾಡುತ್ತಿದ್ದೇವೆ ಎಂಬುದು ಅಲ್ಲಿ ತಿಳಿಯದು. ಹಾಗಾಗಿ ಹೇಳಿದ ದಿನವೂ ಜಾಗವೂ ಬೇರೆ ಎಂದೇ ಲೆಕ್ಕ ಹಿಡಿದು ಉತ್ತರ ಬರೆಯುವುದು ಅಲ್ಲಿಯ ರೂಢಿ.

ಇಷ್ಟೆಲ್ಲ ಕೇಳಿದ ಹುಡುಗ, “ಗಡಿಬಿಡಿಯಲ್ಲಿ ಇಷ್ಟು ನೆನಪಾಗಲ್ಲ, ಸುಲಭದ್ದೊಂದು ಹೇಳಿ” ಅಂದ. ಗುರುತು ಹಾಕುವ ಮುಂಚೆ ಉತ್ತರವನ್ನು ತಿರುಗಿ ಉದ್ಧರಣ ಚಿಹ್ನೆಯೊಳಗೆ ಹಾಕಿ ನೋಡು, ಮೂಲದ ಆಳೇ ಸಿಗುತ್ತಾನಾ ಅಂತ, ಎಂದೆ. ಅವನು ತನ್ನ ಹಾಳೆಯ ಆ ವಾಕ್ಯವನ್ನೇ ಎತ್ತಿಕೊಂಡ. ‘ಐ ವಿಲ್ ಕಮ್’ ಎಂಬುದರ ಮೇಲೆ ಬೆರಳಿಟ್ಟು ಒಂದು ಕ್ಷಣ ಯೋಚಿಸಿ, “ಅಯ್ಯೋ, ಇಲ್ಲಿ ಬರೋನು ನಾನೇ ಆಗೋದೆ” ಎಂದು ನಕ್ಕು ಹೊಡೆದುಹಾಕಿದ.